0.8 ಮಿಲಿಮೀಟರ್ ಜರುಗಿದ ಗೋಡೆ

ತ್ರೀಡಿ ಪ್ರಿಂಟರ್‌ನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದು ಪದರದ ಮೇಲೆ ಪದರವಾಗಿ ಏಳುತ್ತಿರುತ್ತದೆ. ಅರ್ಧದವರೆಗೂ ಗೋಡೆ ನೆಟ್ಟಗಿದೆ. ಅಲ್ಲಿಂದ ಮೇಲಿನದ್ದೆಲ್ಲ ಇಡಿಯಾಗಿ ಪಕ್ಕಕ್ಕೆ ಜರುಗಿ, ಜರುಗಿದ ಜಾಗದಿಂದ ಮತ್ತೆ ನೆಟ್ಟಗೆ ಎದ್ದಿದೆ. ಯಂತ್ರ ನಡುವೆ ನಿಂತಿಲ್ಲ, ದೋಷ ತೋರಿಸಿಲ್ಲ. ಕೆಲಸ ಮುಗಿಯಿತೆಂದು ಪರದೆಯ ಮೇಲೆ ಹೇಳಿದೆ.

ವರ್ನಿಯರ್ ಹಿಡಿದು ಆ ಜರುಗನ್ನು ಅಳೆದರೆ ಒಂದು ವಿಚಿತ್ರ ಕಾಣುತ್ತದೆ. ಮೋಟರ್ ಹೆಜ್ಜೆ ತಪ್ಪಿದ್ದರೆ, ಬಹುಪಾಲು ಅಗ್ಗದ ಪ್ರಿಂಟರ್‌ಗಳಲ್ಲಿ ಅದು 0.8, 1.6, 2.4 ಮಿಲಿಮೀಟರ್‌ ಹೀಗೆ ಬರುತ್ತದೆ. ಅರ್ಧ ಮಿಲಿಮೀಟರ್ ಬರುವುದೇ ಇಲ್ಲ.

ಈ ಯಂತ್ರಗಳಲ್ಲಿರುವುದು ಸ್ಟೆಪ್ಪರ್ ಮೋಟರ್. ಒಳಗೆ ತಿರುಗುವ ರೋಟರ್‌ಗೆ 50 ಹಲ್ಲು, ಸುತ್ತ ಎರಡು ಗುಂಪು ಸುರುಳಿಗಳು. ಸುರುಳಿಗಳ ಕರೆಂಟನ್ನು ಒಂದಾದ ಮೇಲೊಂದರಂತೆ ಬದಲಿಸಿದಾಗ ರೋಟರ್ ಒಮ್ಮೆಗೆ 1.8 ಡಿಗ್ರಿ ತಿರುಗುತ್ತದೆ. 200 ಹೆಜ್ಜೆಗೆ ಒಂದು ಸುತ್ತು. ನಾಲ್ಕು ಹೆಜ್ಜೆಯಾಗುವಷ್ಟರಲ್ಲಿ ಸುರುಳಿಗಳ ಕರೆಂಟು ಮೊದಲಿದ್ದ ಸ್ಥಿತಿಗೇ ಮರಳಿರುತ್ತದೆ. ಈ ನಾಲ್ಕು ಎಂಬ ಸಂಖ್ಯೆ ಮುಂದೆ ಬೇಕಾಗುತ್ತದೆ. 20 ಹಲ್ಲಿನ ಪುಲ್ಲಿ, 2 ಮಿಲಿಮೀಟರ್ ಅಂತರದ ಹಲ್ಲುಗಳ ಬೆಲ್ಟ್ ಇದ್ದರೆ ಒಂದು ಸುತ್ತಿಗೆ 40 ಮಿಲಿಮೀಟರ್ ಚಲನೆ, ಅಂದರೆ ಹೆಜ್ಜೆಗೆ 0.2 ಮಿಲಿಮೀಟರ್.

ಇಷ್ಟು ದೊಡ್ಡ ಹೆಜ್ಜೆ ಹಾಕಿದರೆ ಮೋಟರ್ ಅದುರುತ್ತದೆ, ಸದ್ದು ಮಾಡುತ್ತದೆ. ಹಾಗಾಗಿ ಡ್ರೈವರ್ ಚಿಪ್ ಕರೆಂಟನ್ನು ಒಮ್ಮೆಲೇ ಬದಲಿಸದೆ, ಒಂದು ಸುರುಳಿಯಲ್ಲಿ ಸ್ವಲ್ಪ ಸ್ವಲ್ಪ ಇಳಿಸುತ್ತ ಇನ್ನೊಂದರಲ್ಲಿ ಅದಕ್ಕೆ ತಕ್ಕಂತೆ ಏರಿಸುತ್ತದೆ. ಇದೇ ಮೈಕ್ರೋಸ್ಟೆಪ್ಪಿಂಗ್. ಎ4988 ಎಂಬ ಹಳೆಯ, ಜನಪ್ರಿಯ ಚಿಪ್ ಒಂದು ಹೆಜ್ಜೆಯನ್ನು 16 ಪಾಲು ಮಾಡಬಲ್ಲದು. ಆಗ ಒಂದು ಮಿಲಿಮೀಟರಿಗೆ 80 ಪಲ್ಸ್. ಮಾರ್ಲಿನ್ ತಂತ್ರಾಂಶದಲ್ಲಿ `M92 X80` ಎಂದು ಬರೆಯುವುದು ಇದನ್ನೇ. ಹಾಗಾದರೆ ಯಂತ್ರದ ನಿಖರತೆ ಒಂದು ಮಿಲಿಮೀಟರಿನ 80ನೇ ಒಂದು ಪಾಲೇ? ಕಾಗದದ ಮೇಲೆ ಹೌದು.

ಸುರುಳಿಗಳು ಹುಟ್ಟಿಸುವ ಕಾಂತಕ್ಷೇತ್ರಕ್ಕೂ ರೋಟರ್‌ಗೂ ನಡುವೆ ಕಾಣದ ಸ್ಪ್ರಿಂಗ್ ಒಂದಿದೆ ಎಂದುಕೊಳ್ಳಬಹುದು. ರೋಟರ್ ಕ್ಷೇತ್ರಕ್ಕಿಂತ ಹಿಂದೆ ಬಿದ್ದಾಗಲೇ ಅದನ್ನು ಎಳೆಯುವ ಬಲ ಹುಟ್ಟುತ್ತದೆ. ಪೂರ್ತಿ ಒಂದು ಹೆಜ್ಜೆ ಹಿಂದೆ ಬಿದ್ದಾಗ ಆ ಬಲ ಗರಿಷ್ಠ. ಹದಿನಾರನೇ ಒಂದು ಹೆಜ್ಜೆಯಷ್ಟೇ ಹಿಂದಿದ್ದರೆ ಸಿಗುವುದು ಗರಿಷ್ಠದ ಸುಮಾರು ಶೇ. 10 ಮಾತ್ರ. ಘರ್ಷಣೆಯೇ ಶೇ. 25ರಷ್ಟಿದ್ದರೆ, ವಿಶ್ರಾಂತಿಯಲ್ಲಿರುವ ರೋಟರ್ ಮೊದಲ ಎರಡು ಪಲ್ಸ್‌ಗೆ ಕದಲುವುದಿಲ್ಲ, ಮೂರನೆಯದಕ್ಕೆ ಹೊರಡುತ್ತದೆ. ಆ ಎರಡು ಪಲ್ಸ್ ಕಳೆದುಹೋಗಿಲ್ಲ; ಸ್ಪ್ರಿಂಗ್ ಅಷ್ಟು ಹಿಗ್ಗಿದೆ ಅಷ್ಟೇ. ಹೆಜ್ಜೆಯನ್ನು 16ರ ಬದಲು 256 ಪಾಲು ಮಾಡಿದರೆ ಚಲನೆ ನುಣುಪಾದೀತು, ಸದ್ದು ತಗ್ಗೀತು. ಹೊರೆ ಹೊರುವ ಶಕ್ತಿ ಮಾತ್ರ ಅದರಿಂದ ಹೆಚ್ಚುವುದಿಲ್ಲ.

ಇನ್ನು ಹೆಜ್ಜೆ ನಿಜವಾಗಿ ತಪ್ಪುವ ಗಳಿಗೆ. ಆರಿದ ಪ್ಲಾಸ್ಟಿಕ್ಕಿನ ಅಂಚು ಮೇಲಕ್ಕೆ ಮಡಚಿಕೊಂಡಿದೆ, ಓಡುತ್ತಿರುವ ನಾಜಲ್ ಅದಕ್ಕೆ ಬಡಿಯುತ್ತದೆ. ರೋಟರ್ ತಡವಾಗುತ್ತದೆ, ಕಾಂತಕ್ಷೇತ್ರ ಕಾಯುವುದಿಲ್ಲ. ಒಂದು ಹೆಜ್ಜೆ ದಾಟಿದ ಮೇಲೆ ಎಳೆಯುವ ಬಲ ಕುಗ್ಗತೊಡಗುತ್ತದೆ. ಎರಡು ಹೆಜ್ಜೆ ದಾಟಿತೆಂದರೆ ಬಲದ ದಿಕ್ಕೇ ತಿರುಗಿ, ರೋಟರ್ ತನ್ನ ಜಾಗ ಬಿಟ್ಟು ನಾಲ್ಕು ಹೆಜ್ಜೆ ಹಿಂದಿನ ಜಾಗಕ್ಕೆ ಹೋಗಿ ಕೂರುತ್ತದೆ. ಕ್ಷೇತ್ರಕ್ಕೆ ಎರಡೂ ಜಾಗ ಒಂದೇ. ನಾಲ್ಕು ಹೆಜ್ಜೆ ಅಂದರೆ 0.8 ಮಿಲಿಮೀಟರ್. ವೇಗದಲ್ಲಿ ಹೀಗಾದರೆ ಮೋಟರ್ ಗರಗರ ಎಂದು ನಡುಗುತ್ತ ಎಷ್ಟೋ ನಾಲ್ಕುಗಳನ್ನು ಒಟ್ಟಿಗೆ ಕಳೆದುಕೊಳ್ಳುತ್ತದೆ. ಅದಕ್ಕೆ ಕಾರಣವೂ ಇದೆ: ವೇಗ ಏರಿದಷ್ಟೂ ಸುರುಳಿಗೆ ಕರೆಂಟು ತುಂಬಲು ಸಮಯ ಸಾಲದೆ ಬಲ ಮೊದಲೇ ಇಳಿದಿರುತ್ತದೆ. ಅತ್ತ ನಿಯಂತ್ರಕ ತಾನು ಕಳಿಸಿದ ಪಲ್ಸ್‌ಗಳನ್ನಷ್ಟೇ ಎಣಿಸುತ್ತಿದೆ. ರೋಟರ್ ಎಲ್ಲಿದೆ ಎಂದು ಬಂದು ಹೇಳುವವರು ಯಾರೂ ಇಲ್ಲ.

ಅಳತೆ ತಪ್ಪಿತಸ್ಥನನ್ನು ತೋರಿಸಿಕೊಡುವುದೂ ಇದರಿಂದಲೇ. 0.8ರ ಗುಣಕ ಬಂದರೆ ಮೋಟರ್ ಸೋತಿದೆ. 2 ಮಿಲಿಮೀಟರಿನ ಗುಣಕವಾದರೆ ಬೆಲ್ಟ್ ಹಲ್ಲು ಹಾರಿದೆ. ಎರಡಕ್ಕೂ ಹೊಂದದ ಅಂಕಿ ಬಂದರೆ ಪುಲ್ಲಿಯನ್ನು ಶಾಫ್ಟಿಗೆ ಬಿಗಿದ ಸ್ಕ್ರೂ ಸಡಿಲವಾಗಿರಬಹುದು. ಸರಿಯಾಗಿ 4 ಬಂದರೆ ಮಾತ್ರ ತಲೆನೋವು, ಅದು ಎರಡೂ ಲೆಕ್ಕಕ್ಕೆ ಕೂರುತ್ತದೆ.

ಮೋಟರ್ ಸೋತಿದ್ದರೆ ಮೊದಲು ಇಳಿಸಬೇಕಾದ್ದು ವೇಗವರ್ಧನೆಯನ್ನು. ಕರೆಂಟು ಹೆಚ್ಚಿಸಬಹುದು, ಮೋಟರ್ ಮತ್ತು ಡ್ರೈವರ್ ಬಿಸಿ ತಾಳುವಷ್ಟು. ಶಾಫ್ಟಿಗೆ ಎನ್‌ಕೋಡರ್ ಕೂರಿಸಿದರೆ ತಪ್ಪು ಕೂಡಲೇ ತಿಳಿಯುತ್ತದೆ, ಬೆಲೆ ಏರುತ್ತದೆ. 2017ರಲ್ಲಿ ಬಂದ ಪ್ರುಸಾ ಎಂಕೆ3 ನಡುವಿನ ದಾರಿ ಹಿಡಿಯಿತು. ಅದರ ಟ್ರಿನಾಮಿಕ್ ಡ್ರೈವರ್, ತಿರುಗುವ ರೋಟರ್ ಸುರುಳಿಯಲ್ಲಿ ಹುಟ್ಟಿಸುವ ಎದುರು ವೋಲ್ಟೇಜನ್ನು ಗಮನಿಸಿ ಡಿಕ್ಕಿಯನ್ನು ಗುರುತಿಸುತ್ತದೆ. ಪ್ರಿಂಟರ್ ಮೂಲೆಗೆ ಹೋಗಿ ತನ್ನ ಸ್ಥಾನವನ್ನು ಮತ್ತೆ ಗೊತ್ತುಮಾಡಿಕೊಂಡು ಕೆಲಸ ಮುಂದುವರಿಸುತ್ತದೆ. ಆದರೆ ರಾತ್ರಿ ಸದ್ದು ಬೇಡವೆಂದು ಮೌನದ ಮೋಡ್ ಹಾಕಿದರೆ ಆ ಯಂತ್ರದಲ್ಲಿ ಈ ಪತ್ತೆ ಕೆಲಸ ಮಾಡುವುದಿಲ್ಲ.