ಬಿಸಿಲು, ನೆರಳು ಮತ್ತು ಶಾಲೆಯ ಸಮವಸ್ತ್ರ

ಇಂದು ನಾನು ಹೇಳಹೊರಟಿರುವುದು ಒಗೆದ ಬಟ್ಟೆಯನ್ನು ಎಲ್ಲಿ ಒಣಹಾಕಬೇಕು ಎಂಬ ವಿಷಯ. ಇದರಲ್ಲಿ ಹೇಳುವುದೇನಿದೆ, ಬಿಸಿಲು ಕಂಡಲ್ಲಿ ಹಾಕಿದರಾಯಿತು ಎಂದು ನೀವು ಅಂದುಕೊಳ್ಳಬಹುದು. ಹೋದ ವರ್ಷದ ಜೂನ್ ತಿಂಗಳವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮದು ಅಕ್ಕಲಕೋಟೆ ತಾಲೂಕಿನ ಹಳ್ಳಿ. ಮೊಮ್ಮಗಳಿಗೆ ಸಮವಸ್ತ್ರ ಹೊಲಿಸುವಾಗ, ಹುಡುಗಿ ಬೆಳೆಯುತ್ತಾಳೆಂದು ಕಡು ನೀಲಿ ಲಂಗದ ಕೆಳಅಂಚನ್ನು ಮೂರು ಇಂಚು ಒಳಗೆ ಮಡಚಿ ಹೊಲಿಸಿದ್ದೆವು. ಎರಡನೆಯ ವರ್ಷ ಶಾಲೆ ಸುರುವಾಗುವ ಮುಂಚೆ ಸೊಸೆ ಆ ಹೊಲಿಗೆ ಬಿಚ್ಚಿದಳು. ಬಿಚ್ಚಿದ ಮೂರು ಇಂಚು ಅಂಗಡಿಯಿಂದ ಈಗ ತಂದಂತೆ ಕಡು ನೀಲಿ, ಅದರ ಮೇಲಿನ ಲಂಗವೆಲ್ಲ ಬೂದಿ ಬಣ್ಣ. ಬೇರೆ ಬಟ್ಟೆಯ ಪಟ್ಟಿ ಜೋಡಿಸಿದಂತೆ ಕಾಣುತ್ತಿತ್ತು. "ಇದನ್ನ ಹಾಕ್ಕೊಂಡು ಸಾಲಿಗೆ ಹೋಗಂಗಿಲ್ಲ" ಎಂದು ಹುಡುಗಿ ಮೂಲೆ ಹಿಡಿದು ಕುಳಿತಳು. ಎರಡು ಜೊತೆಯಲ್ಲಿ ಎರಡೂ ಹಾಗೆಯೇ ಆಗಿದ್ದವು.

"ಮಾವಾರ, ಇದು ಸಬಕಾರಕ್ಕ ಹೋತೋ, ಬಿಸಲಿಗೆ ಹೋತೋ ನೀವ ಹೇಳ್ರಿ" ಎಂದು ಸೊಸೆ ನನ್ನ ಮುಂದೆ ಲಂಗ ಹಿಡಿದಳು. ನಮ್ಮ ಮನೆಯವರು ಒಳಗಿನಿಂದಲೇ, "ಬಿಸಲ ಬೀಳದ ಅರಿವಿ ಒಣಗಿದಂಗಲ್ಲ, ಬಿಸಲಿಗೆ ಯಾಕ ಬೈತೀರಿ" ಎಂದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ತಾಳೆ ನೋಡಿದವನು ನಾನು. ಇದನ್ನೂ ತಾಳೆ ನೋಡೋಣ ಎಂದು ಕುಳಿತೆ.

ಉತ್ತರ ಆ ಲಂಗದಲ್ಲಿಯೇ ಇತ್ತು. ಒಗೆಯುವಾಗ ಸಾಬೂನಿನ ನೀರು ಮಡಚಿದ ಅಂಚಿನ ಒಳಗೂ ಹೋಗುತ್ತದೆ. ಬಣ್ಣವು ಒಗೆತದಿಂದ ಹೋಗಿದ್ದರೆ ಒಳಗಿನ ಬಟ್ಟೆಯೂ ಮಂಕಾಗಿರಬೇಕಿತ್ತು. ಅಲ್ಲಿಗೆ ಹೋಗದೆ ಇದ್ದದ್ದು ಬೆಳಕು ಒಂದೇ. ನಿಮ್ಮ ಮನೆಯ ಮಂಕಾದ ಅಂಗಿಯನ್ನೂ ಹೀಗೆ ನೋಡಿರಿ. ಜೇಬಿನ ಒಳಭಾಗ, ಹೊಲಿಗೆಯ ಒಳಅಂಚು ಕಡುವಾಗಿದ್ದು ಹೊರಗೆ ಮಾತ್ರ ಮಂಕಾಗಿದ್ದರೆ ಅದು ಬಿಸಿಲಿನ ಕೆಲಸ. ಒಳಗೂ ಹೊರಗೂ ಒಂದೇ ಸಮ ಮಂಕಾಗಿದ್ದರೆ ಒಗೆತದ್ದು. ಕಾಲರಿನ ಏಣು, ಮೊಣಕೈ, ಜೇಬಿನ ಬಾಯಿ ಮಾತ್ರ ಬಿಳಚಿದ್ದರೆ ತಿಕ್ಕಾಟದ್ದು. ಹೆಗಲ ಮೇಲೆ ಅಡ್ಡಗೆರೆ ಎದ್ದಿದ್ದರೆ ಅದು ದಿನವೂ ಒಂದೇ ರೀತಿ ಹಗ್ಗದ ಮೇಲೆ ಹಾಕಿದ ಗುರುತು.

ಬಿಸಿಲು ಮಾಡುವ ಕೆಲಸ ಒಂದೇ, ಅದು ಒಡೆಯುತ್ತದೆ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಇವು ಮತ್ತು ಕಣ್ಣಿಗೆ ಕಾಣುವ ಬೆಳಕಿನ ಒಂದು ಭಾಗ, ಗಾಳಿಯ ಆಮ್ಲಜನಕದ ಜೊತೆ ಸೇರಿ ಬಣ್ಣದ ಅಣುಗಳನ್ನು ತುಂಡರಿಸುತ್ತವೆ. ತುಂಡಾದ ಅಣು ಬಣ್ಣ ತೋರಿಸುವುದಿಲ್ಲ. ಬಿಳಿ ಧೋತರದ ಮೇಲಿನ ಕಲೆಯನ್ನು ಒಡೆದರೆ ನಮಗೆ ಸಂತೋಷ, ನೀಲಿ ಲಂಗದ ಬಣ್ಣವನ್ನು ಒಡೆದರೆ ದುಃಖ. ಬಿಸಿಲಿಗೆ ಎರಡರ ಭೇದ ತಿಳಿಯದು.

ಅರಿಶಿಣದ ಕಲೆಯನ್ನು ನೋಡಿರಿ. ಮದುವೆಮನೆಯಲ್ಲಿ ಅಂಗಿಗೆ ಅರಿಶಿಣ ಬಿದ್ದರೆ ಸಾಬೂನು ಹಚ್ಚಿದೊಡನೆ ಅದು ಕೆಂಪಾಗುತ್ತದೆ. ತೊಳೆದರೆ ಮತ್ತೆ ಹಳದಿ. ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಅದೇ ಅಂಗಿಯನ್ನು ಹಸಿಯಾಗಿರುವಾಗಲೇ ಕಲೆ ಮೇಲೆ ಬರುವಂತೆ ಬಿಸಿಲಿಗೆ ಹಾಕಿರಿ. ಸಂಜೆಗೆ ಬಹುಮಟ್ಟಿಗೆ ಮಾಯವಾಗಿರುತ್ತದೆ. ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಅಂಗಡಿಯವರು "ಪಕ್ಕಾ ಬಣ್ಣ" ಎನ್ನುವಾಗ ಅದು ಸಾಮಾನ್ಯವಾಗಿ ನೀರಿಗೆ ಪಕ್ಕಾ ಎಂದು ಅರ್ಥ. ನೀರಿಗೆ ಗಟ್ಟಿಯಾದದ್ದು ಬೆಳಕಿಗೂ ಗಟ್ಟಿ ಎಂಬ ಭರವಸೆ ಇಲ್ಲ. ಬಣ್ಣದ ಪರೀಕ್ಷೆ ಮಾಡುವವರು ಇವೆರಡನ್ನು ಬೇರೆ ಬೇರೆಯಾಗಿಯೇ ಅಳೆಯುತ್ತಾರೆ. ಬೆಳಕಿನ ಪರೀಕ್ಷೆಗೆ ನೀಲಿ ಉಣ್ಣೆಯ ಎಂಟು ಪಟ್ಟಿಗಳಿವೆ. ಒಂದನೆಯದು ಬೇಗ ಮಂಕಾಗುತ್ತದೆ, ಎಂಟನೆಯದು ಬಹಳ ತಡವಾಗಿ. ಬಟ್ಟೆ ಯಾವ ಪಟ್ಟಿಯ ಜೊತೆ ಮಂಕಾಯಿತೋ ಅದರ ಸಂಖ್ಯೆಯೇ ಬಟ್ಟೆಯ ಅಂಕ.

ನಮ್ಮ ಹಳ್ಳಿಯಲ್ಲಿ ಅಂಥ ಪಟ್ಟಿ ಎಲ್ಲಿಯವು? ನಾನು ದರ್ಜಿಯ ಬಳಿ ಹೋಗಿ ಅದೇ ನೀಲಿ ಬಟ್ಟೆಯ ಕತ್ತರಿಸಿ ಉಳಿದ ಪಟ್ಟಿ ಬೇಡಿ ತಂದೆ. ನಾಲ್ಕು ತುಂಡು ಮಾಡಿದೆ. ಒಂದನ್ನು ಟ್ರಂಕಿನಲ್ಲಿಟ್ಟೆ. ಎರಡನೆಯದನ್ನು ದಿನವೂ ನೀರಿನಲ್ಲಿ ಅದ್ದಿ ಮಾಳಿಗೆಯ ಮೇಲೆ ಬಿಸಿಲಿಗೆ, ಮೂರನೆಯದನ್ನು ಒಣಗಿದ್ದನ್ನೇ ಅದರ ಪಕ್ಕಕ್ಕೆ, ನಾಲ್ಕನೆಯದನ್ನು ಅದ್ದಿ ಪಡಸಾಲೆಯ ನೆರಳಿಗೆ ಹಾಕಿದೆ. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ, ಮೂರು ವಾರ. ಈ ವರ್ಷದ ಏಪ್ರಿಲ್ ತಿಂಗಳದು, ನಮ್ಮ ಸೋಲಾಪುರ ಜಿಲ್ಲೆಯ ಆ ಬಿಸಿಲು ನಿಮಗೆ ಗೊತ್ತೇ ಇದೆ. ಕೊನೆಗೆ ನಾಲ್ಕನ್ನೂ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟೆ. ನೆರಳಿನ ತುಂಡಿಗೂ ಟ್ರಂಕಿನ ತುಂಡಿಗೂ ವ್ಯತ್ಯಾಸ ಹುಡುಕಬೇಕಿತ್ತು. ಒಣಗಿದ್ದನ್ನೇ ಬಿಸಿಲಿಗಿಟ್ಟದ್ದು ಮಂಕಾಗಿತ್ತು. ಎಲ್ಲಕ್ಕಿಂತ ಹೆಚ್ಚು ಬಿಳಚಿದ್ದು ಹಸಿಯಾಗಿ ಬಿಸಿಲಿಗೆ ಹೋದದ್ದು. ಹತ್ತಿ ಬಟ್ಟೆಯ ಬಹಳಷ್ಟು ಬಣ್ಣಗಳು ತೇವವಿದ್ದಾಗ ಬೆಳಕಿಗೆ ಬೇಗ ಸೋಲುತ್ತವೆ. ಆದ್ದರಿಂದ ಬಣ್ಣದ ಬಟ್ಟೆಯನ್ನು ನೀರು ಸೋರುತ್ತಿರುವಾಗಲೇ ಮಾಳಿಗೆಗೆ ಒಯ್ಯುವುದಕ್ಕಿಂತ, ಮೊದಲು ನೆರಳಿನಲ್ಲಿ ನೀರಿಳಿಸುವುದು ಮೇಲು.

ಒಳಮಗ್ಗುಲು ಹೊರಗೆ ಮಾಡಿ ಹಾಕಿದರೆ ಸಾಲದೇ ಎಂದು ಕೇಳುವಿರಿ. ದಪ್ಪ ಬಟ್ಟೆಗೆ ಸಾಕು. ಮಂಕಾದರೂ ಒಳಗೇ ಆಗುತ್ತದೆ. ತೆಳುವಾದ ಸೀರೆ, ಅಂಗಿಗಳಲ್ಲಿ ಬೆಳಕು ದಾಟಿಹೋಗುತ್ತದೆ, ಪೂರ್ತಿ ರಕ್ಷಣೆ ಇಲ್ಲ. ಮೋಡವಿದ್ದ ದಿನವೂ ಆ ಕಿರಣಗಳು ಒಂದಿಷ್ಟು ಬರುತ್ತಲೇ ಇರುತ್ತವೆ.

ಇನ್ನು ಆ ಲಂಗದ ಹಿಂಬದಿಯ ನಡುಪಟ್ಟಿಯಲ್ಲಿ ಇಲಾಸ್ಟಿಕ್ ಇತ್ತು. ಅದರ ಒಳಗಿರುವುದು ನೂಲು ಸುತ್ತಿದ ಸಣ್ಣ ಸಣ್ಣ ರಬ್ಬರ್ ಎಳೆಗಳು. ಈಚಿನ ಒಳಉಡುಪು, ಲೆಗಿಂಗ್ಸ್‌ಗಳಲ್ಲಿ ರಬ್ಬರಿಗೆ ಬದಲು ಲೈಕ್ರಾ ಎಂಬ ಎಳೆ ಇರುತ್ತದೆ. ರಬ್ಬರಿಗೆ ಬೆಳಕೂ ವೈರಿ, ಶಾಖವೂ ವೈರಿ. ಎರಡೂ ಸೇರಿದಾಗ ಗಾಳಿಯ ಆಮ್ಲಜನಕ ಅದನ್ನು ಬೇಗ ಮುದಿಯಾಗಿಸುತ್ತದೆ. ಮೊದಲು ಅಂಟಂಟಾಗಬಹುದು, ಇಲ್ಲವೇ ಗಡಸಾಗಿ ಸೀಳುತ್ತದೆ. ಇದನ್ನು ಕಿವಿಯಿಂದಲೇ ತಿಳಿಯಬಹುದು. ಎರಡು ಕೈಯಿಂದ ಮೆಲ್ಲಗೆ ಎಳೆಯಿರಿ. ಒಳಗೆ ಚಟಚಟ ಎಂದರೆ ಎಳೆಗಳು ಹರಿಯುತ್ತಿವೆ ಎಂದರ್ಥ. ಬಿಟ್ಟಾಗ ಪಟ್ಟಿ ಅಲೆಅಲೆಯಾಗಿ ನಿಂತರೆ ಅದರ ಆಯುಷ್ಯ ಮುಗಿಯಿತು.

ಬಟ್ಟೆಯ ತುಂಡುಗಳ ಜೊತೆಗೇ ಹತ್ತು ಇಂಚಿನ ಎರಡು ಇಲಾಸ್ಟಿಕ್ ತುಂಡುಗಳನ್ನೂ ಇಟ್ಟಿದ್ದೆ, ಅವನ್ನು ಮೇ ತಿಂಗಳ ಕೊನೆಯವರೆಗೆ ತೆಗೆಯಲಿಲ್ಲ. ಒಂದು ತಗಡಿನ ಮೇಲೆ, ಒಂದು ಪಡಸಾಲೆಯಲ್ಲಿ. ಎಳೆದು ಬಿಟ್ಟಾಗ ನೆರಳಿನದು ಹತ್ತು ಇಂಚಿಗೆ ಮರಳಿತು. ತಗಡಿನದು ಹನ್ನೊಂದಕ್ಕೆ ನಿಂತಿತು, ಸದ್ದೂ ಬಂತು. ಕಾದ ತಗಡಿನ ಮೇಲೆ ಬಟ್ಟೆ ಹರವುವ ರೂಢಿ ನಮ್ಮಲ್ಲಿದೆ, ಇಲಾಸ್ಟಿಕ್ ಇರುವುದನ್ನು ಮಾತ್ರ ಅಲ್ಲಿ ಹಾಕಬೇಡಿರಿ. ಹಗ್ಗಕ್ಕೆ ಹಾಕುವಾಗಲೂ ನಡುಪಟ್ಟಿಗೆ ಚಿಮಟಿಗೆ ಹಾಕಿ ತೂಗಬಿಟ್ಟರೆ ಹಸಿ ಬಟ್ಟೆಯ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಕೆಳಅಂಚಿಗೆ ಚಿಮಟಿಗೆ ಹಾಕಿ ತಲೆಕೆಳಗಾಗಿ ಹಾಕಿರಿ.

ಉಳಿದದ್ದು ಬಿಳಿ ಅಂಗಿ. ಇಲ್ಲಿ ನಮ್ಮ ಮನೆಯವರು ಹೇಳಿದ್ದೇ ಸರಿ, ಹತ್ತಿಯ ಬಿಳಿ ಬಟ್ಟೆಗೆ ಬಿಸಿಲು ಬೇಕು. ಅಗಸರು ಧೋತರ ಹರವಿ, ಅದು ಒಣಗುತ್ತ ಬಂದಂತೆ ಮತ್ತೆ ನೀರು ಚಿಮುಕಿಸುತ್ತಿದ್ದುದನ್ನು ನೀವು ನೋಡಿರಬಹುದು. ತೇವವಿದ್ದಾಗ ಬಿಸಿಲು ಕಲೆಯನ್ನು ಒಡೆಯುವುದು ಚುರುಕು ಎಂಬುದನ್ನು ಅವರು ಪುಸ್ತಕವಿಲ್ಲದೆ ಬಲ್ಲವರು. ಆದರೆ ರೇಶಿಮೆ, ಉಣ್ಣೆ, ನೈಲಾನ್ ಇವು ಬಿಳಿಯಾಗಿದ್ದರೂ ಬಿಸಿಲಿಗೆ ಹಳದಿಯಾಗುತ್ತವೆ, ಇವುಗಳ ಜಾಗ ನೆರಳು. ಬಣ್ಣದ ಅಂಚಿನ ಧೋತರವನ್ನು ಅಂಚು ಒಳಗೆ ಬರುವಂತೆ ಮಡಚಿ ಹಾಕಬೇಕು.

ಹತ್ತಿಯ ಬಿಳಿ ಅಂಗಿಯೂ ಬಿಸಿಲಿಗೆ ಹಾಕಿದಂತೆಲ್ಲ ಹಳದಿಯಾಗುತ್ತದೆಂದು ಕೆಲವರ ದೂರು. ಅಂಥ ಅಂಗಿಯ ಕೆಳಅಂಚು ಮೊದಲು ನೋಡಿರಿ. ನೀರು ಇಳಿದು ಒಣಗುವ ಆ ತುದಿಯಲ್ಲಿಯೇ ಹಳದಿ ಹೆಚ್ಚಿದ್ದರೆ ದೋಷ ಬಿಸಿಲಿನದಲ್ಲ. ಸರಿಯಾಗಿ ಜಾಲಾಡದೆ ಉಳಿದ ಸಾಬೂನು, ಇಲ್ಲವೇ ಬೋರಿನ ನೀರಿನ ಕಬ್ಬಿಣ ಅಲ್ಲಿಗೆ ಬಂದು ನಿಂತಿದೆ. ಇನ್ನೊಂದು ಬಾರಿ ಒಳ್ಳೆಯ ನೀರಿನಲ್ಲಿ ಜಾಲಾಡಿದರೆ ಸಾಬೂನಿನದು ಹೋಗುತ್ತದೆ. ಇನ್ನು ಈಗಿನ ಸಾಬೂನು ಪುಡಿಗಳಲ್ಲಿ ಹೊಳಪಿನ ಒಂದು ದ್ರವ್ಯ ಇರುತ್ತದೆ. ಅದು ಕಾಣದ ಕಿರಣವನ್ನು ನುಂಗಿ ನೀಲಿ ಬೆಳಕಾಗಿ ಹೊರಬಿಟ್ಟು ಬಟ್ಟೆಯ ಹಳದಿಯನ್ನು ಮರೆಸುತ್ತದೆ. ಅದು ಕೂಡ ದಿನವಿಡೀ ಬಿಸಿಲಿಗಿದ್ದರೆ ಒಡೆಯುತ್ತದೆ. ಆದ್ದರಿಂದ ಬಿಳಿ ಅಂಗಿಯಾದರೂ ಒಣಗಿದೊಡನೆ ತೆಗೆಯಬೇಕು. ನಮ್ಮ ಬೇಸಿಗೆಯಲ್ಲಿ ತೆಳು ಅಂಗಿ ಒಂದು ತಾಸಿನೊಳಗೆ ಒಣಗುತ್ತದೆ. ನಾವು ತೆಗೆಯುವುದು ಸಂಜೆ ದನ ಮನೆಗೆ ಬಂದ ಮೇಲೆ.

ನೆರಳಿಗೂ ಒಂದು ಮಿತಿಯಿದೆ, ಅಲ್ಲಿ ಗಾಳಿ ಆಡಬೇಕು. ಮಳೆಗಾಲದಲ್ಲಿ ಲಂಗದ ದಪ್ಪ ನಡುಪಟ್ಟಿ ರಾತ್ರಿಯಿಡೀ ತೇವವಾಗಿ ಉಳಿದರೆ ಮುಗ್ಗು ವಾಸನೆ ಹಿಡಿಯುತ್ತದೆ. ಅಂಥ ದಿನ ಬಿಸಿಲು ಬಂದ ಕೂಡಲೇ ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೇ ಹಾಕಿರಿ, ಬಣ್ಣದ ಚಿಂತೆ ಬೇಡ. ಕೂಸಿನ ಬಟ್ಟೆ, ಬೇನೆ ಬಿದ್ದವರ ಹಾಸಿಗೆ ಬಟ್ಟೆ, ಒಳಉಡುಪುಗಳಿಗೂ ಬಿಸಿಲೇ ಮೇಲು. ಬಿಸಿಲು ರೋಗಾಣುಗಳನ್ನೂ ಒಡೆಯುತ್ತದೆ. ಒಳಉಡುಪಿನ ಇಲಾಸ್ಟಿಕ್ ಸ್ವಲ್ಪ ಬೇಗ ಸಡಿಲವಾದೀತು, ಆಗಲಿ, ಆ ನಷ್ಟ ದೊಡ್ಡದಲ್ಲ. ಒಣಗಿದ ತಕ್ಷಣ ತೆಗೆದರೆ ಅದೂ ಕಡಿಮೆ.

ಮೊಮ್ಮಗಳಿಗೆ ಹೋದ ವರ್ಷ ಬೇರೆ ಲಂಗ ಹೊಲಿಸಲೇಬೇಕಾಯಿತು. ಈ ಬಾರಿಯೂ ಮೂರು ಇಂಚು ಮಡಚಿದ್ದೆವು. ವರ್ಷವಿಡೀ ಸೊಸೆ ಲಂಗವನ್ನು ಪಡಸಾಲೆಯ ಹಗ್ಗಕ್ಕೆ, ಅಂಗಿಯನ್ನು ಮಾಳಿಗೆಯ ಹಗ್ಗಕ್ಕೆ ಹಾಕಿದಳು. ಈ ಜೂನ್‌ನಲ್ಲಿ ಹೊಲಿಗೆ ಬಿಚ್ಚಿದಾಗ ಗೆರೆ ಇತ್ತು, ಇಲ್ಲವೆನ್ನಲಾರೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಕಾಣುತ್ತಿತ್ತು. ಹುಡುಗಿ ತಿರುಗಿಸಿ ಮುರುಗಿಸಿ ನೋಡಿ, ಏನೂ ಅನ್ನದೆ ಹಾಕಿಕೊಂಡು ಹೋದಳು.