ತಂಗಳನ್ನದ ಲೆಕ್ಕ

‘ಅನ್ನ ಮಾಡಿ ಫ್ರಿಜ್ಜಿನಲ್ಲಿಡಿ, ಮರುದಿನ ಬಿಸಿ ಮಾಡಿ ಉಣ್ಣಿ, ಶುಗರ್ ಏರುವುದಿಲ್ಲ’ ಎನ್ನುವ ಸಂದೇಶ ವಾಟ್ಸ್‌ಆ್ಯಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಪೂರ್ತಿ ಸುಳ್ಳೇನಲ್ಲ. ಆದರೆ ಗ್ರಾಂ ಲೆಕ್ಕದಲ್ಲಿ ಅಳೆದು ನೋಡಿದರೆ ಉತ್ಸಾಹ ಸ್ವಲ್ಪ ಇಳಿಯುತ್ತದೆ.

ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆಯ ಅಣುಗಳಿವೆ. ನೂಲಿನಂತೆ ಉದ್ದಕ್ಕೆ ಸಾಗುವುದು ಅಮೈಲೋಸ್, ಕವಲೊಡೆದು ಹರಡಿದ್ದು ಅಮೈಲೋಪೆಕ್ಟಿನ್. ಅಕ್ಕಿ ಬೇಯುವಾಗ ಇವು ನೀರು ಕುಡಿದು ಸಡಿಲಾಗುತ್ತವೆ. ಹಾಗೆ ಸಡಿಲಾದ ಪಿಷ್ಟವನ್ನು ನಮ್ಮ ಜೀರ್ಣರಸ ಬೇಗ ಗ್ಲೂಕೋಸ್ ಮಾಡಿಬಿಡುತ್ತದೆ. ಅನ್ನ ತಣ್ಣಗಾದಾಗ ಎಳೆಗಳು ಮತ್ತೆ ಒಂದಕ್ಕೊಂದು ಅಂಟಿ ಬಿಗಿಯುತ್ತವೆ. ಈ ಬಿಗಿದ ಭಾಗದಲ್ಲಿ ಒಂದಿಷ್ಟು ಸಣ್ಣಕರುಳಿನಲ್ಲಿ ಕರಗದೆ ದೊಡ್ಡಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಇದೇ ರೆಸಿಸ್ಟೆಂಟ್ ಸ್ಟಾರ್ಚ್.

ಮತ್ತೆ ಬಿಸಿ ಮಾಡಿದರೆ ಎಲ್ಲ ಹಾಳಾಗುವುದಿಲ್ಲವೇ? ಅರ್ಧ ಹಾಳಾಗುತ್ತದೆ. ಫ್ರಿಜ್ಜಿನ ಅನ್ನವನ್ನು ಅಗುಳು ಅಗುಳಾಗಿ ಗಟ್ಟಿ ಮಾಡುವುದು ಬಹುಪಾಲು ಅಮೈಲೋಪೆಕ್ಟಿನ್. ಅದು ಬಿಸಿ ತಾಗಿದೊಡನೆ ಬಿಡಿಸಿಕೊಳ್ಳುತ್ತದೆ, ಅನ್ನ ಮೆತ್ತಗಾಗುತ್ತದೆ. ಅಮೈಲೋಸಿನ ಗಂಟು ಸಡಿಲಾಗಲು ನೂರು ಡಿಗ್ರಿ ಸಾಲದು. ಹಾಗಾಗಿ ಉಳಿಯುವ ಲಾಭ ಅದರದ್ದು. ಉದುರುದುರಾಗುವ ಅಕ್ಕಿಯಲ್ಲಿ ಸಾಮಾನ್ಯವಾಗಿ ಅಮೈಲೋಸ್ ಹೆಚ್ಚು. ಮುದ್ದೆಯಾಗಿ ಅಂಟುವ ಅಕ್ಕಿಯಲ್ಲಿ ಕಡಿಮೆ, ಆದ್ದರಿಂದ ಅಲ್ಲಿ ಲಾಭವೂ ಕಡಿಮೆ.

ಈಗ ಅಳತೆಗೆ ಬರೋಣ. ಇಂಡೋನೇಷ್ಯಾದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಷ್ಟೇ ಮಾಡಿದ ಬಿಳಿ ಅನ್ನದ ನೂರು ಗ್ರಾಮಿಗೆ ರೆಸಿಸ್ಟೆಂಟ್ ಸ್ಟಾರ್ಚ್ 0.64 ಗ್ರಾಂ ಇತ್ತು. ನಾಲ್ಕು ಡಿಗ್ರಿಯಲ್ಲಿ 24 ಗಂಟೆ ಇಟ್ಟು ಬಿಸಿ ಮಾಡಿದ ಅನ್ನದಲ್ಲಿ 1.65 ಗ್ರಾಂ. ಎರಡೂವರೆ ಪಟ್ಟು ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ತಟ್ಟೆಯಲ್ಲಿ 150 ಗ್ರಾಂ ಅನ್ನವಿದೆ ಎಂದುಕೊಳ್ಳಿ, ಕಾರ್ಬೋಹೈಡ್ರೇಟ್ ಸುಮಾರು 42 ಗ್ರಾಂ. ಅದರಲ್ಲಿ ಹೊಸದಾಗಿ ಅರಗದೆ ಉಳಿದದ್ದು ಒಂದೂವರೆ ಗ್ರಾಂ. ಕ್ಯಾಲರಿ ಅರ್ಧಕ್ಕಿಳಿಯುತ್ತದೆ ಎನ್ನುವವರು ಈ ಒಂದೂವರೆ ಗ್ರಾಮನ್ನು ನೋಡಬೇಕು.

ಆದರೂ ಅದೇ ಅಧ್ಯಯನದಲ್ಲಿ ಆರೋಗ್ಯವಂತರಾದ 15 ಮಂದಿಗೆ ಈ ಅನ್ನ ಕೊಟ್ಟಾಗ ಊಟದ ನಂತರದ ಒಟ್ಟು ಸಕ್ಕರೆ ಏರಿಕೆ ಶೇ. 18ರಷ್ಟು ಕಡಿಮೆಯಿತ್ತು. ಒಂದೂವರೆ ಗ್ರಾಮಿನಿಂದಷ್ಟೇ ಇಷ್ಟು ಆಗಲಾರದು. ಉಳಿದ ಪಿಷ್ಟದಲ್ಲೂ ಒಂದಷ್ಟು ನಿಧಾನವಾಗಿ ಅರಗಿರಬೇಕು. ಮಂದಿ ಕಡಿಮೆ, ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಬಹಳ. ಈ ಶೇ. 18 ನಿಮ್ಮ ಮೈಗೂ ಹಾಗೇ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ.

ಮಧುಮೇಹಿಗಳ ಮೇಲೆ ನಡೆದ ಪ್ರಯೋಗ ಇನ್ನೂ ಕುತೂಹಲದ್ದು. ಪೋಲೆಂಡಿನಲ್ಲಿ ಟೈಪ್ 1 ಮಧುಮೇಹವಿದ್ದ 32 ಮಂದಿಗೆ ಬಿಸಿ ಅನ್ನವನ್ನೂ, ಒಂದು ದಿನ ಫ್ರಿಜ್ಜಿನಲ್ಲಿಟ್ಟು ಬಿಸಿ ಮಾಡಿದ ಅನ್ನವನ್ನೂ ಬೇರೆ ಬೇರೆ ದಿನ ಕೊಟ್ಟರು. ಗರಿಷ್ಠ ಸಕ್ಕರೆ ಸುಮಾರು 198 ಇದ್ದದ್ದು 178ಕ್ಕೆ ಇಳಿಯಿತು. ಆದರೆ ಸಕ್ಕರೆ ತೀರಾ ಕುಸಿದ ಪ್ರಸಂಗಗಳು ಮೂರರಿಂದ 12ಕ್ಕೆ ಏರಿದವು. ಕಾರಣ ಸರಳ: ಚುಚ್ಚಿಕೊಂಡ ಇನ್ಸುಲಿನ್ ಅಷ್ಟೇ, ಅನ್ನದಿಂದ ಬಂದ ಸಕ್ಕರೆ ಮಾತ್ರ ಕಡಿಮೆ.

ಇನ್ನೊಂದು ಅಪಾಯ ಅಡುಗೆಮನೆಯದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಕ್ಕರಿನಲ್ಲೇ ಕೂತರೆ ಅದು ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತದೆ. ಆ ವಿಷ ಮತ್ತೆ ಕುದಿಸಿದರೂ ಹೋಗದು, ವಾಸನೆಯಿಂದಲೂ ಗೊತ್ತಾಗದು. ಆದ್ದರಿಂದ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಆರಿಸಿ, ಒಂದು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿಗೆ ಸೇರಿಸಬೇಕು. ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿ ಆಗಲೇ ಮುಗಿಸಬೇಕು. ಕರೆಂಟ್ ಹೋಗಿ ಫ್ರಿಜ್ಜು ಗಂಟೆಗಟ್ಟಲೆ ನಿಂತಿದ್ದರೆ ಅನ್ನವನ್ನು ಚೆಲ್ಲಿಬಿಡಿ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ನೀವೇ ನೋಡಬಹುದು. ಒಂದೇ ಪಾತ್ರೆಯ ಅನ್ನದಲ್ಲಿ ಅರ್ಧ ಇಂದು, ಅರ್ಧ ನಾಳೆ, ಅದೇ ತೂಕ, ಅದೇ ಸಾರು, ಅದೇ ಹೊತ್ತು. ಊಟಕ್ಕೆ ಮುಂಚೆ, ಒಂದು ಗಂಟೆಗೆ, ಎರಡು ಗಂಟೆಗೆ ಅಳೆಯಿರಿ. ಮೀಟರೇ ಶೇ. 15ರಷ್ಟು ಆಚೀಚೆ ತೋರಿಸುವುದುಂಟು, ಹೀಗಾಗಿ ಒಂದು ಸಲದ ಅಂಕಿಯನ್ನು ನಂಬಬೇಡಿ, ಹಲವು ಸಲ ನೋಡಿ.

ಉಳಿದ ಅನ್ನವನ್ನು ಹೀಗೆ ಬಳಸುವುದರಲ್ಲಿ ತಪ್ಪಿಲ್ಲ. ಆದರೆ 50 ಗ್ರಾಂ ಅನ್ನ ಕಡಿಮೆ ಬಡಿಸಿಕೊಂಡರೆ 14 ಗ್ರಾಂ ಕಾರ್ಬೋಹೈಡ್ರೇಟ್ ಇಳಿಯುತ್ತದೆ, ಫ್ರಿಜ್ಜು ಕೊಡುವುದರ ಒಂಬತ್ತು ಪಟ್ಟು. ಇನ್ಸುಲಿನ್ ಅಥವಾ ಸಕ್ಕರೆ ಕುಸಿಯುವಂತೆ ಮಾಡುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಇದನ್ನು ಶುರು ಮಾಡಬೇಡಿ.