ಮಾಲಿಗೆ ಚಲನ್, ಕೂಲಿಗೆ ಬಿಲ್

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಒಂದು ಬಿಡಿಭಾಗ ಒಂದೇ ಸೂರಿನಡಿ ಪೂರ್ತಿ ತಯಾರಾಗುವುದು ಕಡಿಮೆ. ಉಕ್ಕಿನ ರಾಡ್ ಕೊಂಡವರು ಒಬ್ಬರು, ಅದನ್ನು ಲೇತಿಗೆ ಹಾಕಿ ಕಡೆಯುವವರು ಇನ್ನೊಬ್ಬರು, ಕಾಯಿಸಿ ಗಟ್ಟಿ ಮಾಡುವವರು ಮತ್ತೊಬ್ಬರು, ಮೇಲೆ ಪ್ಲೇಟಿಂಗ್ ಹಾಕುವವರು ಮಗದೊಬ್ಬರು. ಹೀಗೆ ತನ್ನ ಮಾಲನ್ನು ಬೇರೆಯವರ ಶೆಡ್ಡಿಗೆ ಕಳಿಸಿ ಕೆಲಸ ಮಾಡಿಸಿಕೊಳ್ಳುವುದೇ ಜಾಬ್ ವರ್ಕ್. ಇದರ ಲೆಕ್ಕಪತ್ರವೆಲ್ಲ ನಿಂತಿರುವುದು ಒಂದು ಮಾತಿನ ಮೇಲೆ: ಮಾಲು ಗೇಟು ದಾಟಿದರೂ ಒಡೆತನ ದಾಟುವುದಿಲ್ಲ. ಮಾರಾಟವೇ ಆಗದಿರುವುದರಿಂದ ತೆರಿಗೆಯೂ ಹುಟ್ಟುವುದಿಲ್ಲ. ಜಿಎಸ್‌ಟಿ ಕಾಯ್ದೆಯ 143ನೇ ಕಲಮು ಈ ಸೌಲಭ್ಯ ಕೊಡುತ್ತದೆ. ಆದರೆ ಮಾಲು ಎಲ್ಲಿದೆ, ಎಷ್ಟಿದೆ, ಯಾವಾಗ ಹೋಯಿತು, ಯಾವಾಗ ಬಂತು ಎಂಬುದನ್ನು ಕಾಗದದಲ್ಲಿ ತೋರಿಸುವ ಹೊಣೆಯನ್ನು ಮಾಲಿನ ಒಡೆಯನ ಮೇಲೆಯೇ ಹಾಕುತ್ತದೆ.

ಒಂದು ಉದಾಹರಣೆ ಹಿಡಿದು ಕೊನೆತನಕ ನಡೆಯೋಣ. ಪೀಣ್ಯದ ಒಂದು ಸಣ್ಣ ಕಾರ್ಖಾನೆ ಕೆ.ಜಿ.ಗೆ 80 ರೂಪಾಯಿಯಂತೆ 1,000 ಕೆ.ಜಿ. ಉಕ್ಕಿನ ರಾಡ್ ಕೊಂಡಿದೆ ಎಂದುಕೊಳ್ಳಿ. ಕೊಂಡಾಗ ಕೊಟ್ಟ ತೆರಿಗೆಯ ಕ್ರೆಡಿಟ್ ಪಡೆದಿದೆ. ಈ ರಾಡಿನಿಂದ ತಲಾ 2 ಕೆ.ಜಿ. ತೂಗುವ 400 ಪಿನ್ ಕಡೆಸಬೇಕು. ಕೂಲಿ ಪಿನ್ನಿಗೆ 30 ರೂಪಾಯಿ. 2025ರ ನವೆಂಬರ್ 10ರಂದು ಮಾಲು ಲೇತ್ ಶೆಡ್ಡಿಗೆ ಹೊರಡುತ್ತದೆ.

ಆ ದಿನ ಟೆಂಪೋ ಜೊತೆ ಹೋಗಬೇಕಾದದ್ದು ಬಿಲ್ ಅಲ್ಲ, ಡೆಲಿವರಿ ಚಲನ್. ಶಾಪ್ ಫ್ಲೋರಿನಲ್ಲಿ ಎಲ್ಲರೂ ಇದನ್ನು ಡಿಸಿ ಎನ್ನುತ್ತಾರೆ. ಇದು ಮೂರು ಪ್ರತಿಗಳಲ್ಲಿರಬೇಕು: ಒಂದು ಮಾಲು ಪಡೆಯುವವರಿಗೆ, ಒಂದು ಸಾಗಿಸುವವರಿಗೆ, ಒಂದು ಕಳಿಸಿದವರ ಕಡತಕ್ಕೆ. ಬಿಲ್ಲಿನ ಸರಣಿಗೆ ಸೇರದ ತನ್ನದೇ ಕ್ರಮಸಂಖ್ಯೆ, ದಿನಾಂಕ, ಇಬ್ಬರ ಹೆಸರು ವಿಳಾಸ, ಜಿಎಸ್‌ಟಿ ಸಂಖ್ಯೆ, ಮಾಲಿನ ವಿವರ, ಎಚ್‌ಎಸ್‌ಎನ್ ಸಂಕೇತ, ಪ್ರಮಾಣ, ಮೌಲ್ಯ, ಕೊನೆಗೆ ಸಹಿ. ಮಾರಾಟವಲ್ಲದ ಕಾರಣ ತೆರಿಗೆಯನ್ನು ಇದರಲ್ಲಿ ಹಾಕುವುದಿಲ್ಲ. ನಮ್ಮ ಉದಾಹರಣೆಯ ಮೌಲ್ಯ 80 ಸಾವಿರ, ಅಂದರೆ 50 ಸಾವಿರಕ್ಕಿಂತ ಹೆಚ್ಚು. ಆದ್ದರಿಂದ ಪಕ್ಕದ ರಸ್ತೆಯ ಶೆಡ್ಡಿಗೆ ಹೋಗುವುದಾದರೂ ಇ-ವೇ ಬಿಲ್ ಬೇಕು. ಅದೇ ಮಾಲು ತಮಿಳುನಾಡಿನ ಹೊಸೂರಿಗೆ ಹೋಗುವುದಾದರೆ ಮೌಲ್ಯ ಐದು ಸಾವಿರವಿದ್ದರೂ ಇ-ವೇ ಬಿಲ್ ಕಡ್ಡಾಯ. ರಾಜ್ಯದ ಗಡಿ ದಾಟುವ ಜಾಬ್ ವರ್ಕಿಗೆ ಮೌಲ್ಯದ ವಿನಾಯಿತಿ ಇಲ್ಲ. ಬೆಂಗಳೂರಿನ ಎಷ್ಟೋ ಸಣ್ಣ ಘಟಕಗಳಿಗೆ ಹೊಸೂರು ಊರೊಳಗಿನ ದೂರದಂತೆಯೇ ಇರುವುದರಿಂದ ಈ ನಿಯಮ ಮರೆತುಹೋಗುತ್ತದೆ, ಗಾಡಿ ತಪಾಸಣೆಗೆ ನಿಂತಾಗ ನೆನಪಾಗುತ್ತದೆ.

ಚಲನ್ ಬರೆಯುವಾಗಲೇ ಒಂದು ವಿಷಯ ಗಮನದಲ್ಲಿರಬೇಕು. ರಾಡ್ ಹೋಗುವುದು ಕೆ.ಜಿ. ಲೆಕ್ಕದಲ್ಲಿ, ಪಿನ್ ಬರುವುದು ನಗದ ಲೆಕ್ಕದಲ್ಲಿ. ಎರಡನ್ನೂ ಬೆಸೆಯುವ ಸಾಲು ಚಲನಿನಲ್ಲೇ ಇಲ್ಲದಿದ್ದರೆ ಆರು ತಿಂಗಳ ಮೇಲೆ ಯಾವ ಪಿನ್ ಯಾವ ರಾಡಿನದು ಎಂದು ಯಾರಿಂದಲೂ ಹೇಳಲಾಗದು. “1,000 ಕೆ.ಜಿ., ನಿರೀಕ್ಷಿತ ಪಿನ್ 400, ಪ್ರತಿ ಪಿನ್ 2 ಕೆ.ಜಿ.” ಎಂದು ಬರೆದಿಡಲು ಕಾನೂನು ಕೇಳುವುದಿಲ್ಲ. ಆದರೂ ಇದಕ್ಕಿಂತ ಉಪಯುಕ್ತವಾದ ಸಾಲು ಆ ಕಾಗದದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ.

ಈಗ ಮಾಲು ಹಿಂದಿರುಗುವ ಹೊತ್ತು. ಹೆಚ್ಚಿನ ತಪ್ಪುಗಳಾಗುವುದು ಇಲ್ಲಿಯೇ. ನವೆಂಬರ್ 24ರಂದು 250 ಪಿನ್ ಬಂದವು. ಡಿಸೆಂಬರ್ 8ರಂದು 140 ಒಳ್ಳೆಯ ಪಿನ್, ಅಳತೆ ತಪ್ಪಿದ 10 ರಿಜೆಕ್ಟ್ ಪಿನ್, ಜೊತೆಗೆ ಚೀಲದಲ್ಲಿ 195 ಕೆ.ಜಿ. ಚಿಪ್ಸ್ ಮತ್ತು ತುಂಡುಗಳು ಬಂದವು. ಕಳಿಸಿದ್ದೆಲ್ಲ ಒಂದೇ ಸಲಕ್ಕೆ ಬಂದಿದ್ದರೆ ಮಾಲೀಕನ ಮೂಲ ಚಲನಿನ ಮೇಲೆಯೇ ಜಾಬ್ ವರ್ಕರ್ ಪ್ರಮಾಣ, ವಿವರ ಬರೆದು ಸಹಿ ಹಾಕಿ ಮಾಲಿನ ಜೊತೆ ಹಿಂದಿರುಗಿಸಬಹುದಿತ್ತು. ಕಂತಿನಲ್ಲಿ ಬರುವಾಗ ಹಾಗೆ ಮಾಡುವಂತಿಲ್ಲ. ಪ್ರತಿ ಕಂತಿಗೂ ಜಾಬ್ ವರ್ಕರ್ ಹೊಸ ಚಲನ್ ಬರೆಯಬೇಕು ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2018ರ ಮಾರ್ಚ್ 26ರ ಸುತ್ತೋಲೆಯಲ್ಲೇ ಸ್ಪಷ್ಟಪಡಿಸಿದೆ. ಆ ಹೊಸ ಚಲನಿನಲ್ಲಿ ಮಾಲೀಕನ ಮೂಲ ಚಲನಿನ ಸಂಖ್ಯೆ ಮತ್ತು ದಿನಾಂಕ ಬರೆದರೆ ಮಾತ್ರ ಹೋದದ್ದಕ್ಕೂ ಬಂದದ್ದಕ್ಕೂ ಸಂಬಂಧ ಕೂಡುತ್ತದೆ.

ಬಿಲ್ಲಿನ ಪ್ರಶ್ನೆ ಬರುವುದು ಇದಾದ ಮೇಲೆ. ಲೇತ್ ಶೆಡ್ಡಿನವರು ಮಾರಿದ್ದು ಪಿನ್ನನ್ನಲ್ಲ, ತಮ್ಮ ಕೆಲಸವನ್ನು. ಆದ್ದರಿಂದ ಅವರ ಬಿಲ್ಲಿನಲ್ಲಿ ಇರಬೇಕಾದದ್ದು ಕೂಲಿ ಮಾತ್ರ. ಒಳ್ಳೆಯ ಪಿನ್ 390, ತಲಾ 30 ರೂಪಾಯಿಯಂತೆ 11,700 ರೂಪಾಯಿ. ಸೇವೆಯ ಸಂಕೇತ 9988. ಇಂಥ ಎಂಜಿನಿಯರಿಂಗ್ ಜಾಬ್ ವರ್ಕಿಗೆ 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಶೇ. 12 ತೆರಿಗೆಯಿತ್ತು, ಈಗ ಶೇ. 18. ಹಾಗಾಗಿ ತೆರಿಗೆ 2,106, ಒಟ್ಟು 13,806 ರೂಪಾಯಿ. ಈ 2,106ರ ಕ್ರೆಡಿಟ್ ಮಾಲೀಕನಿಗೆ ಸಿಗುತ್ತದೆ. ಕಡೆಯಲು ಬಳಸಿದ ಕಟಿಂಗ್ ಆಯಿಲ್‌ನಂಥ ಸ್ವಂತ ಸಾಮಗ್ರಿಯ ಬೆಲೆಯನ್ನು ಜಾಬ್ ವರ್ಕರ್ ಇದೇ ಕೂಲಿಯೊಳಗೆ ಸೇರಿಸಿಕೊಳ್ಳಬಹುದು. ಕೆಲಸ ಮುಗಿದ 30 ದಿನದೊಳಗೆ ಈ ಬಿಲ್ ಆಗಬೇಕು. ಎರಡೂ ಕಂತಿಗೆ ಸೇರಿಸಿ ಒಂದೇ ಬಿಲ್ ಮಾಡುವುದಾದರೆ ಅದರಲ್ಲಿ ಎರಡು ವಾಪಸಾತಿ ಚಲನುಗಳ ಸಂಖ್ಯೆಯನ್ನೂ ಬರೆಯುವುದು ಒಳ್ಳೆಯದು.

ಹಲವು ಕಡೆ ನಡೆಯುವುದು ಬೇರೆ. ಶೆಡ್ಡಿನ ಲೆಕ್ಕ ಬರೆಯುವವರು ಪಿನ್ನಿನ ಎಚ್‌ಎಸ್‌ಎನ್ ಹಾಕಿ, ರಾಡಿನ 80 ಸಾವಿರವನ್ನೂ ಕೂಲಿಯನ್ನೂ ಕೂಡಿಸಿ 91,700 ರೂಪಾಯಿಗೆ ತೆರಿಗೆ ಬಿಲ್ ಮಾಡಿಬಿಡುತ್ತಾರೆ. ಆಗ ಮಾಲೀಕ ತನ್ನ ರಾಡನ್ನು ತಾನೇ ಮತ್ತೊಮ್ಮೆ ಕೊಂಡಂತೆ ಪುಸ್ತಕದಲ್ಲಿ ದಾಖಲಾಗುತ್ತದೆ. ಅವನ ಚಲನಿನಲ್ಲಿ ಹೋದ ರಾಡ್ ಎಂದೂ ಹಿಂದಿರುಗದ ಮಾಲಾಗಿ ಉಳಿಯುತ್ತದೆ. ಜಾಬ್ ವರ್ಕರಿಗೆ ಪೆಟ್ಟು ಇನ್ನೂ ಜೋರು. ಹನ್ನೆರಡು ಸಾವಿರ ರೂಪಾಯಿಯಷ್ಟೂ ದುಡಿಯದ ಕೆಲಸಕ್ಕೆ ಅವರ ವಹಿವಾಟು ತೊಂಬತ್ತು ಸಾವಿರ ದಾಟಿ ಕಾಣುತ್ತದೆ. ನಿಜವಾದ ಕೂಲಿಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದ ಸಣ್ಣ ಶೆಡ್ಡಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಅಂಥವರು ತೆರಿಗೆ ಹಾಕದೆ ಕೂಲಿಯ ಬಿಲ್ ಕೊಟ್ಟರೆ ಸಾಕು.

ಇನ್ನು ಚಿಪ್ಸ್. ಅದೂ ಮಾಲೀಕನ ಉಕ್ಕೇ. ತೂಕ ಕೂಡಿಸಿ ನೋಡಿ: ಒಳ್ಳೆಯದೂ ರಿಜೆಕ್ಟೂ ಸೇರಿ 400 ಪಿನ್ 800 ಕೆ.ಜಿ., ಚಿಪ್ಸ್ 195 ಕೆ.ಜಿ., ಒಟ್ಟು 995. ಉಳಿದ 5 ಕೆ.ಜಿ. ಕೊಯ್ತದ ಪುಡಿಯಾಗಿ ಹೋದ ನಷ್ಟ. ಅದನ್ನೂ ನಷ್ಟವೆಂದೇ ಬರೆದರೆ ಸಾವಿರಕ್ಕೆ ಲೆಕ್ಕ ಸರಿಹೋಯಿತು. ಆದರೆ ಅನೇಕ ಶೆಡ್ಡುಗಳಲ್ಲಿ ಚಿಪ್ಸ್ ಹಿಂದಕ್ಕೆ ಬರುವುದೇ ಇಲ್ಲ. “ಚಿಪ್ಸ್ ನಮಗೇ ಬಿಡಿ ಸರ್, ಪಿನ್ನಿಗೆ 15 ರೂಪಾಯಿ ಕೊಡಿ ಸಾಕು” ಎಂದು ಬಾಯಿಮಾತಿನಲ್ಲಿ ಒಪ್ಪಂದವಾಗಿರುತ್ತದೆ. ಗುಜರಿಯವನು ಕೆ.ಜಿ.ಗೆ 30 ರೂಪಾಯಿ ಕೊಡುವುದಾದರೆ 195 ಕೆ.ಜಿ.ಗೆ 5,850 ರೂಪಾಯಿ. 390 ಪಿನ್ನಿಗೆ 15 ರೂಪಾಯಿ ಕಡಿಮೆಯಾದರೂ ಅಷ್ಟೇ, 5,850. ಅಂದರೆ ಕೂಲಿ ಕಡಿಮೆಯಾಗಿಲ್ಲ, ಅರ್ಧ ಹಣವಾಗಿ ಅರ್ಧ ಉಕ್ಕಾಗಿ ಸಂದಾಯವಾಗಿದೆ. ಬಿಲ್ಲಿನಲ್ಲಿ ಅರ್ಧವೇ ಕಂಡರೆ ಇನ್ನರ್ಧದ ತೆರಿಗೆ ತಪ್ಪಿಸಿದಂತೆ. ಸರಿಯಾದ ದಾರಿ ಎಂದರೆ ಜಾಬ್ ವರ್ಕರ್ ಪೂರ್ತಿ 11,700ಕ್ಕೆ ಬಿಲ್ ಮಾಡುವುದು, ಮಾಲೀಕ ಚಿಪ್ಸನ್ನು 5,850ಕ್ಕೆ ಜಾಬ್ ವರ್ಕರಿಗೆ ಮಾರಿದಂತೆ ತೆರಿಗೆ ಸೇರಿಸಿ ಬಿಲ್ ಮಾಡುವುದು. ನೋಂದಾಯಿತ ಜಾಬ್ ವರ್ಕರ್ ತನ್ನ ಶೆಡ್ಡಿನಿಂದಲೇ ಚಿಪ್ಸನ್ನು ತೆರಿಗೆ ಕಟ್ಟಿ ಮಾರಲೂ ಕಾನೂನು ಅವಕಾಶ ಕೊಟ್ಟಿದೆ. ಜಾಬ್ ವರ್ಕರ್ ನೋಂದಾಯಿತನಲ್ಲದಿದ್ದರೆ ಆ ಮಾರಾಟದ ಬಿಲ್ ಮಾಲೀಕನೇ ಮಾಡಬೇಕು.

ಕೆಲವೊಮ್ಮೆ ಪಿನ್ನುಗಳು ಮಾಲೀಕನ ಬಳಿಗೆ ಬಾರದೆ ಲೇತ್ ಶೆಡ್ಡಿನಿಂದ ನೇರವಾಗಿ ಹೀಟ್ ಟ್ರೀಟ್‌ಮೆಂಟಿಗೆ ಹೋಗುತ್ತವೆ. ಆಗ ಚಲನನ್ನು ಮಾಲೀಕನಾದರೂ ಬರೆಯಬಹುದು, ಲೇತ್ ಶೆಡ್ಡಿನವರಾದರೂ ಬರೆಯಬಹುದು. ಆದರೆ ಕಾಲಮಿತಿ ಹೊಸದಾಗಿ ಶುರುವಾಗುವುದಿಲ್ಲ. ಮಾಲು ಮೊದಲು ಹೊರಟ ದಿನದಿಂದ ಒಂದು ವರ್ಷದೊಳಗೆ ಅದು ಹಿಂದಿರುಗಬೇಕು, ಇಲ್ಲವೇ ಜಾಬ್ ವರ್ಕರ್ ಜಾಗದಿಂದಲೇ ಮಾಲೀಕನ ಬಿಲ್ಲಿನ ಮೇಲೆ ಗಿರಾಕಿಗೆ ಮಾರಾಟವಾಗಿರಬೇಕು. ಯಂತ್ರಗಳಂಥ ಬಂಡವಾಳ ಸರಕಿಗೆ ಈ ಮಿತಿ ಮೂರು ವರ್ಷ. ಮೋಲ್ಡ್, ಡೈ, ಜಿಗ್, ಫಿಕ್ಸ್‌ಚರ್, ಟೂಲುಗಳಿಗೆ ಮಿತಿಯೇ ಇಲ್ಲ. ಸಕಾರಣವಿದ್ದರೆ ಆಯುಕ್ತರು ಕಚ್ಚಾ ಸಾಮಗ್ರಿಗೆ ಇನ್ನೊಂದು ವರ್ಷ ವಿಸ್ತರಿಸಬಹುದು.

ಮಿತಿ ದಾಟಿದರೆ ಏನಾಗುತ್ತದೆ? ನಮ್ಮ ರಾಡಿನಲ್ಲಿ 100 ಕೆ.ಜಿ. ಶೆಡ್ಡಿನ ಮೂಲೆಯಲ್ಲಿ ಕಡೆಯದೆ ಉಳಿದು, 2026ರ ನವೆಂಬರ್ 10 ಕಳೆದುಹೋಯಿತು ಎನ್ನಿ. ಆಗ ಕಾನೂನಿನ ಕಣ್ಣಲ್ಲಿ ಅದು ಕಳಿಸಿದ ದಿನವೇ, ಅಂದರೆ 2025ರ ನವೆಂಬರ್ 10ರಂದೇ ಮಾರಾಟವಾದ ಮಾಲು. ಮೌಲ್ಯ 8,000, ತೆರಿಗೆ 1,440. ಇದರ ಮೇಲೆ ಶೇ. 18ರ ದರದಲ್ಲಿ ಹಿಂದಿನ ಇಡೀ ವರ್ಷದ ಬಡ್ಡಿ, ಸುಮಾರು 259 ರೂಪಾಯಿ. ತೆರಿಗೆಯ ಕ್ರೆಡಿಟನ್ನು ನೋಂದಾಯಿತ ಜಾಬ್ ವರ್ಕರ್ ಪಡೆಯಬಹುದು. ಬಡ್ಡಿ ಮಾತ್ರ ಯಾರ ಲೆಕ್ಕಕ್ಕೂ ಹಿಂದಿರುಗದು. ಮೊತ್ತ ಸಣ್ಣದು ಅನಿಸಬಹುದು. ಆದರೆ ನಾಲ್ಕಾರು ಶೆಡ್ಡುಗಳಲ್ಲಿ ಟನ್‌ಗಟ್ಟಲೆ ಮಾಲು ಬಿಟ್ಟವರಿಗೆ ಇದು ಲಕ್ಷಗಳ ನೋಟಿಸಾಗಿ ಬರುತ್ತದೆ. ಬಹಳ ಸಲ ಮಾಲು ನಿಜಕ್ಕೂ ಹಿಂದಿರುಗಿರುತ್ತದೆ, ಅದನ್ನು ತೋರಿಸುವ ವಾಪಸಾತಿ ಚಲನ್ ಮಾತ್ರ ಇರುವುದಿಲ್ಲ.

ಹೋದದ್ದು, ಬಂದದ್ದು, ನಷ್ಟವಾದದ್ದು ಎಲ್ಲವನ್ನೂ ಮಾಲೀಕ ಸರ್ಕಾರಕ್ಕೆ ತಿಳಿಸುವ ನಮೂನೆ ITC-04. ವಹಿವಾಟು 5 ಕೋಟಿ ದಾಟಿದವರು ಆರು ತಿಂಗಳಿಗೊಮ್ಮೆ, ಅಕ್ಟೋಬರ್ 25 ಮತ್ತು ಏಪ್ರಿಲ್ 25ರೊಳಗೆ ಸಲ್ಲಿಸಬೇಕು. ಉಳಿದವರು ವರ್ಷಕ್ಕೊಮ್ಮೆ, ಏಪ್ರಿಲ್ 25ರೊಳಗೆ. ಇದನ್ನು ತುಂಬಲು ಕೂತಾಗ ಚಲನ್ ಹುಡುಕಲು ಶುರುಮಾಡಬೇಡಿ. ಮಾರ್ಚ್ ಮುಗಿಯುವ ಮೊದಲು ಒಂದು ದಿನ ನಿಮ್ಮ ಜಾಬ್ ವರ್ಕ್ ರಿಜಿಸ್ಟರ್ ಹಿಡಿದು ಪ್ರತಿ ಶೆಡ್ಡಿಗೂ ಹೋಗಿ, ಅಲ್ಲಿರುವ ನಿಮ್ಮ ಮಾಲನ್ನು ತೂಗಿಸಿ, ರಿಜಿಸ್ಟರಿನ ಬಾಕಿಯ ಪಕ್ಕದಲ್ಲಿ ಬರೆದು, ಜಾಬ್ ವರ್ಕರ್ ಕೈಯಲ್ಲಿ ಸಹಿ ಹಾಕಿಸಿಕೊಳ್ಳಿ. ಎರಡು ಅಂಕಿ ತಾಳೆಯಾಗದಿದ್ದರೆ ಕಾರಣವನ್ನು ಅಲ್ಲಿಯೇ, ಆ ದಿನವೇ ಪತ್ತೆ ಮಾಡಿ.